ಕುಳ್ಳಪ್ಪನಿಗೆ ಮೂರು ಪುಸ್ತಕ

"ಇದು ಯಾವಾಗ ಎದ್ದೇಳ್ತದ?"

ಚಿತ್ರದ ಬೆಕ್ಕಿನ ಹೊಟ್ಟೆಯ ಮೇಲೆ ಬೆರಳಿಟ್ಟು ಭವ್ಯ ಕೇಳಿದಳು. ಪುಟ ತಿರುಗಿಸಲು ಹೊರಟಿದ್ದ ಅವಳಮ್ಮ ನೀಲಾವತಿ ಕೈಯನ್ನು ಅಲ್ಲೇ ನಿಲ್ಲಿಸಿದಳು. ಬೂದು ಬಣ್ಣದ ಬೆಕ್ಕು ಉಣ್ಣೆ ಹಾಸಿದ ಬುಟ್ಟಿಯಲ್ಲಿ ಸುರುಳಿ ಸುತ್ತಿಕೊಂಡು ಮಲಗಿತ್ತು. ಕಿಟಕಿಯ ಆಚೆ ಹಿಮ ಬೀಳುತ್ತಿತ್ತು. ಕೆಳಗೆ ಇಂಗ್ಲಿಷಿನಲ್ಲಿ ಎರಡೇ ಸಾಲು. ಅದನ್ನು ನೀಲಾವತಿ ಆಗಷ್ಟೇ ಕನ್ನಡ ಮಾಡಿ ಹೇಳಿದ್ದಳು. ಬೆಕ್ಕಿಗೆ ತುಂಬಾ ದಣಿವಾಗಿತ್ತಂತೆ, ಅದು ಮೆಲ್ಲಗೆ ದೊಡ್ಡ ನಿದ್ದೆಗೆ ಜಾರಿತಂತೆ.

"ಏಳಲ್ಲ ಪುಟ್ಟಿ. ಅದು ದೊಡ್ಡ ನಿದ್ದೆ."

"ನಾನು ಮಲಗ್ತೀನಲ್ಲ, ಅದು ಚಿಕ್ಕ ನಿದ್ದೆನಾ?"

"ಹೂಂ."

"ಮಲಗೋವಾಗ ಅದು ಚಿಕ್ಕದೋ ದೊಡ್ಡದೋ ಅಂತ ಹೆಂಗೆ ಗೊತ್ತಾಗ್ತದ?"

ಚಾಮರಾಜನಗರದ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ನೀಲಾವತಿ ವರ್ಷಗಟ್ಟಲೆಯಿಂದ ಪಾಠ ಹೇಳುತ್ತಿದ್ದಳು. ಪೋಷಕರ ಸಭೆಯಲ್ಲಿ ಮೈಕು ಹಿಡಿದು "ಮಕ್ಕಳ ಹತ್ರ ಯಾವುದನ್ನೂ ಮುಚ್ಚಿಡಬೇಡಿ, ಅವರ ಪ್ರಶ್ನೆಗೆ ಗೌರವ ಕೊಡಿ" ಎಂದು ಚಂದಕವಾಡಿ, ಹರದನಹಳ್ಳಿ ಕಡೆಯ ರೈತರಿಗೆ ಬುದ್ಧಿ ಹೇಳುವ ಹೆಂಗಸು ಇವಳೇ. ಈಗ ಪ್ರಶ್ನೆಗೆ ಕೊಟ್ಟ ಗೌರವ ಎಂದರೆ, ಪುಟ ತಿರುಗಿಸಿದ್ದು. ಮುಂದಿನ ಪುಟದಲ್ಲಿ ಬುಟ್ಟಿ ಖಾಲಿ ಇತ್ತು. ಬೆಕ್ಕು ಎಲ್ಲಿ ಹೋಯಿತು, ಯಾರು ಎತ್ತಿಕೊಂಡು ಹೋದರು, ಒಂದು ಮಾತೂ ಇರಲಿಲ್ಲ. ಸಾವು ಎಂಬ ಪದವನ್ನು ಬಾಯಿಗೆ ತಾರದೆ ಸಾವಿನ ಮೇಲೆ ಒಂದು ಇಡೀ ಪುಸ್ತಕ ಮಾಡುವುದೂ ಒಂದು ವಿದ್ಯೆಯೇ ಇರಬೇಕು. ಆ ವಿದ್ಯೆ ಕಲಿತವರಿಗೆ ಏಳು ವರ್ಷದ ಮಗುವಿನ ಎದುರು ಕೂತು ಓದಿ ಗೊತ್ತಿಲ್ಲ, ಅಷ್ಟೇ.

ಆವತ್ತಿನಿಂದ ಭವ್ಯ ಹಾಸಿಗೆಗೆ ಬರಲು ರಗಳೆ ಮಾಡತೊಡಗಿದಳು. ಗೋಡೆಗೆ ಒರಗಿ ಕೂತೇ ನಿದ್ದೆ ಹೋಗುತ್ತಿದ್ದಳು. ಮಗುವಿನ ದುಃಖ ಕಳೆಯಲೆಂದು ತರಿಸಿದ ಪುಸ್ತಕ ಮಗುವಿನ ನಿದ್ದೆಯನ್ನು ಕಳೆದಿತ್ತು.

ಸತ್ತದ್ದು ಬೆಕ್ಕಲ್ಲ, ಟಗರು. ಅದಕ್ಕೆ ದಣಿವೂ ಆಗಿರಲಿಲ್ಲ.

ಭವ್ಯಳ ಅಪ್ಪ ಶಂಕರ್ ಚಾಮರಾಜನಗರದ ಒಂದು ಸರ್ಕಾರಿ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕ. ಊರು ಚಂದಕವಾಡಿಯಿಂದಲೇ ಬೈಕಿನಲ್ಲಿ ಓಡಾಡುತ್ತಾನೆ. ಎರಡು ವರ್ಷದ ಕೆಳಗೆ ಯಾರೋ ಕೊಟ್ಟರೆಂದು ಬನ್ನೂರು ತಳಿಯ ಮರಿಯೊಂದನ್ನು ತಂದಿದ್ದ. ಗಿಡ್ಡ ಕಾಲು, ಪೀಪಾಯಿಯಂಥ ಮೈ, ಯಾರನ್ನೂ ಲೆಕ್ಕಕ್ಕಿಡದ ಮುಖ. ಭವ್ಯ ಅದಕ್ಕೆ ಕುಳ್ಳಪ್ಪ ಎಂದು ಹೆಸರಿಟ್ಟಳು. ಕೊರಳಿಗೆ ಗಂಟೆ ಕಟ್ಟಿಸಿದಳು. ಶಾಲೆ ವ್ಯಾನು ತಿರುವಿನಲ್ಲಿ ಹಾರನ್ ಹೊಡೆದರೆ ಸಾಕು, ಕುಳ್ಳಪ್ಪ ಹಗ್ಗ ಜಗ್ಗಿ ಗಂಟೆ ಅಲ್ಲಾಡಿಸುತ್ತಿತ್ತು. ಅವಳ ಟಿಫನ್ ಡಬ್ಬಿಯಲ್ಲಿ ಉಳಿದ ಚಪಾತಿ ಚೂರು ಅದರ ಪಾಲು. ಅದು ಅವಳದ್ದು ಎಂದು ಮನೆಯವರೆಲ್ಲ ಒಪ್ಪಿಕೊಂಡಿದ್ದರು. ಬಂದವರ ಎದುರು ಅದರ ಬೆನ್ನು ತಟ್ಟಿಸಿ "ನಮ್ಮ ಭವ್ಯನ ಫ್ರೆಂಡು" ಎಂದು ನಗುತ್ತಿದ್ದರು.

ಆಮೇಲೆ ಶಂಕರನ ತಂಗಿ ಸುಧಾಮಣಿಗೆ ಗುಂಡ್ಲುಪೇಟೆಯ ಕಡೆ ಮದುವೆಯಾಯಿತು. ಮದುವೆಯ ಮೇಲೆ ಬೀಗರೂಟ. ಗಂಡಿನ ಕಡೆಯವರಿಗೆ ಬಾಡೂಟ ಹಾಕಬೇಕು, ಅವರು ಉಂಡು ಕೈ ತೊಳೆದು ಏನನ್ನುತ್ತಾರೋ ಅದರ ಮೇಲೆ ಮನೆತನದ ಮಾನ. ಗಂಡಿನ ಅಪ್ಪ ಶಿವಮಲ್ಲು ಫೋನಿನಲ್ಲಿ ತಮಾಷೆಗೆ, "ಅಂಗಡಿ ಬಾಡು ತಂದು ಹಾಕ್ಬುಟ್ಟಿರಾ ಮತ್ತೆ!" ಅಂದ. ಶಂಕರನಿಗೆ ಅಷ್ಟು ಸಾಕಾಯಿತು. "ಎಲ್ಲಾರಾ ಉಂಟಾ ಮಾವ? ಮನೇಲಿ ಸಾಕಿರೋ ಟಗರದ. ಬನ್ನೂರು ತಳಿ. ನೀವು ಅಂಥದ್ದ ಉಂಡಿರಲ್ಲ ಕನ ಬುಡಿ" ಎಂದುಬಿಟ್ಟ. ಬಡತನಕ್ಕೆ ಕೊಟ್ಟ ಟಗರಲ್ಲ ಅದು. ಸಂತೆಯಿಂದ ನಾಲ್ಕು ಟಗರು ತರುವ ಶಕ್ತಿ ಅವನಿಗಿತ್ತು, ಮೂರು ತಂದೂ ಇದ್ದ. ನಾಲ್ಕನೆಯದು ಜಂಬದ ಲೆಕ್ಕಕ್ಕೆ ಹೋಯಿತು.

ಹಿಂದಿನ ಸಂಜೆ ಭವ್ಯಳನ್ನು ಚಾಮರಾಜನಗರದ ಚಿಕ್ಕಮ್ಮನ ಮನೆಗೆ ಕಳಿಸಿದರು. ಬೆಳಿಗ್ಗೆ ಊರಲ್ಲಿ ಕುರಿ ಕುಯ್ಯುವ ಚಿಕ್ಕಮಾದು ಕತ್ತಿ ಮಸೆದುಕೊಂಡು ಹಿತ್ತಲಿಗೆ ಬಂದ. ಮಧ್ಯಾಹ್ನ ಶಾಮಿಯಾನದ ಕೆಳಗೆ ಎಲೆ ಹಾಕುವ ಹೊತ್ತಿಗೆ ಭವ್ಯಳನ್ನು ಕರೆತಂದರು. ಹೊಸ ಲಂಗ, ಜಡೆಗೆ ಮಲ್ಲಿಗೆ. ಅವಳಿಗೆ ಕೊಚ್ಚಿದ ಮಾಂಸದ, ಖಾರ ಕಡಿಮೆ ಇರುವ ಕೈಮ ಉಂಡೆ ಇಷ್ಟ ಎಂದು ನೀಲಾವತಿಯೇ ಆರಿಸಿ ಎಲೆಗೆ ಹಾಕಿದಳು. ಭವ್ಯ ಇನ್ನೊಂದು ಕೇಳಿದಳು. ಇನ್ನೊಂದನ್ನೂ ಹಾಕಿದಳು. ಇದನ್ನು ನೀಲಾವತಿ ಯಾರಿಗೂ ಹೇಳಿಲ್ಲ. ಹೇಳದಿದ್ದರೂ ಆ ಮನೆಯಲ್ಲಿ ಎಲ್ಲರಿಗೂ ಗೊತ್ತು.

ಬೀಗರು ಹೊರಟ ಮೇಲೆ ಮಗು ಹಿತ್ತಲಿಗೆ ಓಡಿತು. ಅಲ್ಲಿ ಗೂಟ ಇತ್ತು, ಹಗ್ಗ ಇತ್ತು. "ಕುಳ್ಳಪ್ಪ ಎಲ್ಲದ?"

"ಜ್ವರ ಬಂದು ಸತ್ತೋಯ್ತು ಕನವ್ವ" ಎಂದ ಅಪ್ಪ. ಅದೇ ಉಸಿರಿಗೆ ಅಜ್ಜಿ ಮಲ್ಲಿಗಮ್ಮ, "ಮಾದಪ್ಪ ದೇವ್ರು ಕರ್ಕಂಡ ಕನ ಕೂಸು" ಎಂದಳು. ಅಮ್ಮ, "ಮಲಗಿಬಿಡ್ತು ಪುಟ್ಟಿ" ಎಂದಳು. ಮೂವರೂ ಒಟ್ಟಿಗೆ ಕೂತು ಒಂದು ಸುಳ್ಳನ್ನು ಒಪ್ಪಿಕೊಳ್ಳುವಷ್ಟು ಕಷ್ಟವನ್ನೂ ಪಟ್ಟಿರಲಿಲ್ಲ. ಮಗುವಿಗೆ ಏನು ಹೇಳಿದರೂ ನಡೆದೀತು ಎಂಬುದೇ ಅವರ ಧೈರ್ಯ. ಮಗು ಮೂವರ ಮುಖವನ್ನೂ ನೋಡಿ ಬಲಗೈಯಿಂದ ಬಾಯಿ ಮುಚ್ಚಿಕೊಂಡಿತು.

ಆ ಕೈ ಮತ್ತೆ ಮತ್ತೆ ಬಾಯಿಗೆ ಹೋಗತೊಡಗಿತು. ಪಕ್ಕದ ಮನೆಯ ಕರು ಒಣಗಲು ಹಾಕಿದ ಯೂನಿಫಾರಮ್ಮು ನೆಕ್ಕಿದರೆ ಬೈಯಬೇಕಾದ ಭವ್ಯ ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದಳು. ಆಟದಲ್ಲಿ ಯಾರಾದರೂ ತಳ್ಳಿದರೂ ಅಷ್ಟೇ. ನೀಲಾವತಿ ಇದನ್ನು ಗಮನಿಸಿದಳು. ಗಮನಿಸಿ ಹಲ್ಲು ನೋವೆಂದು ತೀರ್ಮಾನಿಸಿ ಮಗುವಿನ ದವಡೆಗೆ ಲವಂಗ ಇಟ್ಟಳು.

ಹಲ್ಲು ನೋವಲ್ಲ. ಬೀಗರೂಟಕ್ಕೆ ಕೆಲವು ದಿನ ಮೊದಲು ಕುಳ್ಳಪ್ಪ ಅವಳ ಡ್ರಾಯಿಂಗ್ ಪುಸ್ತಕ ತಿಂದುಹಾಕಿತ್ತು. ನವಿಲು ಬರೆದಿದ್ದ ಹಾಳೆಯೇ ಅದರ ಬಾಯಲ್ಲಿತ್ತು. ಭವ್ಯ ಅತ್ತು, ಕಾಲು ಅಪ್ಪಳಿಸಿ, "ಸತ್ತೋಗು ಕುಳ್ಳಪ್ಪ, ಸತ್ತೋಗು ನೀನು!" ಎಂದು ಕೂಗಿದ್ದಳು. ಅದು ಸತ್ತೇಹೋಯಿತು. ಏಳು ವರ್ಷದ ತಲೆಗೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇರೆ ಬೇಕೆ? ತನ್ನ ಬಾಯಿಗೆ ಅಂಥ ಶಕ್ತಿ ಇದೆ ಎಂದು ತಿಳಿದ ಮೇಲೆ ಅವಳು ಅದನ್ನು ಮುಚ್ಚಿಡಲು ನೋಡುತ್ತಿದ್ದಳು. ಮನೆಯ ದೊಡ್ಡವರು ಮಾತ್ರ, ಮಗುವಿಗೆ ಆವತ್ತಿನ ಎಲೆಯ ಮೇಲೆ ಏನಿತ್ತು ಎಂದು ತಿಳಿಯದಿದ್ದರೆ ಸಾಕು ಎಂದುಕೊಂಡು ಓಡಾಡುತ್ತಿದ್ದರು.

ಒಂದು ಮಾತನ್ನು ಇಲ್ಲೇ ಹೇಳಬೇಕು. ಹಿಂದಿನ ವರ್ಷ ತಾತ ದೊಡ್ಡಮಾದಯ್ಯ ತೀರಿಕೊಂಡಾಗ ಈ ಮನೆಗೆ ಯಾವ ಪುಸ್ತಕವೂ ಬಂದಿರಲಿಲ್ಲ. ಭವ್ಯಳನ್ನು ಎತ್ತಿಕೊಂಡು ಹೋಗಿ ತಾತನ ಮುಖ ತೋರಿಸಿದ್ದರು. ತಣ್ಣಗಿದ್ದ ಕಾಲನ್ನು ಮುಟ್ಟಿಸಿದ್ದರು. ಅವಳೂ ಒಂದು ಹಿಡಿ ಮಣ್ಣು ಹಾಕಿದ್ದಳು, ಮೂರನೆಯ ದಿನ ಸಮಾಧಿಗೆ ಹಾಲುತುಪ್ಪ ಬಿಡುವಾಗ ಅಜ್ಜಿಯ ಸೆರಗು ಹಿಡಿದುಕೊಂಡು ನಿಂತಿದ್ದಳು. "ತಾತ ಸತ್ತೋದ್ರು" ಎಂದು ಶಾಲೆಯಲ್ಲಿ ಹೇಳಿದ್ದಳು. ಸಾವು ಏನೆಂದು ಅವಳಿಗೆ ಗೊತ್ತಿತ್ತು. ಈಗ ಪುಸ್ತಕ ಬೇಕಾಗಿದ್ದು ಸಾವನ್ನು ತಿಳಿಸಲಿಕ್ಕಲ್ಲ.

ಎರಡನೆಯ ಪುಸ್ತಕವನ್ನು ನೀಲಾವತಿ ಮೊಬೈಲಿನಲ್ಲಿ ಒಂದು ತಾಯಂದಿರ ಗುಂಪನ್ನು ಕೇಳಿ ತರಿಸಿದಳು. "ಪೆಟ್ ಲಾಸ್", ಅಂದರೆ ಸಾಕಿದ ಪ್ರಾಣಿ ಸತ್ತ ದುಃಖ, ಎಂದು ಕೇಳಿದ್ದಳು. ಟಗರನ್ನೂ ಪೆಟ್ ಅಂತಾರಾ ಎಂದು ಯಾರಾದರೂ ಕೇಳಿಯಾರೆಂದು ಟಗರು ಎನ್ನಲಿಲ್ಲ, ಹೇಗೆ ಸತ್ತಿತು ಎಂದೂ ಬರೆಯಲಿಲ್ಲ. ಹತ್ತಾರು ಅಮ್ಮಂದಿರು ಅಳುವ ಮುಖ, ಹೃದಯ ಕಳಿಸಿದರು. ಆ ಹೃದಯಗಳನ್ನು ನೋಡುತ್ತ ನೀಲಾವತಿಗೆ ತನ್ನ ಮೇಲೆಯೇ ಮರುಕ ಬಂತು. ತಾನೊಬ್ಬ ಒಳ್ಳೆಯ ತಾಯಿ ಎಂದು ಸಾಬೀತಾದಷ್ಟು ಸಮಾಧಾನವಾಯಿತು.

ಈ ಪುಸ್ತಕದಲ್ಲಿ ಮೊಲ. ಅದು ಮೋಡದ ಮೇಲಿನ ಹುಲ್ಲುಗಾವಲಿಗೆ ಹೋಗಿ ಅಲ್ಲಿ ಬೇರೆ ಮೊಲಗಳ ಜೊತೆ ಕುಣಿದು, ಕೆಳಗಿರುವ ಹುಡುಗನನ್ನು ನೋಡಿ ಕಣ್ಣು ಮಿಟುಕಿಸುತ್ತದೆ. ಬಣ್ಣ ಬಹಳ ಚೆಂದ. ಭವ್ಯ ಕೊನೆಯವರೆಗೂ ಸುಮ್ಮನೆ ಕೇಳಿದಳು.

"ಅಮ್ಮ, ಅಲ್ಲಿಂದ ಎಲ್ಲಾ ಕಾಣ್ತದಾ?"

"ಹೂಂ, ಎಲ್ಲಾ ಕಾಣ್ತದೆ. ನಿನ್ನನ್ನ ನೋಡ್ತಾ ಖುಷಿಯಾಗಿದೆ."

"ನಾವು ಮಾತಾಡಿದ್ದೂ ಕೇಳಿಸ್ತದಾ?"

"ಕೇಳಿಸ್ತದೆ."

ಭವ್ಯಳ ಕೈ ಬಾಯಿಗೆ ಹೋಯಿತು. ಬೈದವಳನ್ನು ಬೈಸಿಕೊಂಡು ಸತ್ತವನು ಮೇಲೆ ಕೂತು ದಿನವಿಡೀ ನೋಡುತ್ತಾನೆ ಎಂದು ಅಮ್ಮನೇ ಹೇಳಿದ ಹಾಗಾಯಿತು. ನೀಲಾವತಿ ಪುಸ್ತಕ ಮುಚ್ಚಿ, "ಚೆನ್ನಾಗಿತ್ತಾ?" ಎಂದಳು.

"ತಾತನ್ನ ಹೂತಿದ್ರು," ಎಂದಳು ಭವ್ಯ ಬೆರಳ ಸಂದಿಯಿಂದ. "ಕುಳ್ಳಪ್ಪನ್ನ ಎಲ್ಲಿ ಹೂತಿರೋದು?"

ಇದಕ್ಕೆ ಮೊಲದ ಪುಸ್ತಕದಲ್ಲೂ ಬೆಕ್ಕಿನ ಪುಸ್ತಕದಲ್ಲೂ ಪುಟ ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಶಂಕರ್, "ನುಗ್ಗೆ ಮರದ ತಾವ. ಬಾ ತೋರಿಸ್ತೀನಿ, ವಸಿ ತಾಳು" ಎಂದವನೇ ಹಿತ್ತಲಿಗೆ ಹೋಗಿ ಗುದ್ದಲಿಯಲ್ಲಿ ನೆಲ ಕೆದಕಿ ಒಂದು ಗುಡ್ಡೆ ಮಾಡಿದ. ಅದರ ತುದಿಗೆ ಕೋಲು ನೆಟ್ಟು, ಅಟ್ಟದ ಮೇಲೆ ಇಟ್ಟಿದ್ದ ಕುಳ್ಳಪ್ಪನ ಗಂಟೆಯನ್ನು ತಂದು ನೇತುಹಾಕಿದ. ಕಚೇರಿಯಲ್ಲಿ ಹಳೆಯ ತಾರೀಖು ಹಾಕಿ ಕೆಲಸ ಮುಗಿಸಿದಷ್ಟೇ ಸಲೀಸಾಗಿ ಅದನ್ನು ಮುಗಿಸಿ, ಕೈ ಒರೆಸಿಕೊಂಡು ಮಗಳನ್ನು ಕರೆದ.

ಭವ್ಯ ಹಸಿ ಮಣ್ಣನ್ನು ನೋಡಿದಳು. ಒಳಗೆ ಹೋಗಿ ಲೋಟದಲ್ಲಿ ಹಾಲು, ಚಮಚದಲ್ಲಿ ತುಪ್ಪ ತಂದಳು. "ಅಜ್ಜಿ, ಬಾ. ಹಾಲುತುಪ್ಪ ಬುಡನ."

ಮಲ್ಲಿಗಮ್ಮನ ಮುಖ ಬಿಳಿಚಿಕೊಂಡಿತು. ಸುಳ್ಳು ಹೇಳಿದ್ದಕ್ಕಲ್ಲ. ಮೊಮ್ಮಗಳ ಟಗರಿನ ತಲೆ ಸುಟ್ಟು ಮಾಡಿದ ಸಾರನ್ನು ಮಾರನೆಯ ದಿನವೂ ಬಿಸಿ ಮಾಡಿಕೊಂಡು ಉಂಡವಳು ಅವಳು. ಅದರಲ್ಲಿ ಅವಳಿಗೆ ತಪ್ಪೂ ಕಂಡಿರಲಿಲ್ಲ. ಆದರೆ ಏನೂ ಇಲ್ಲದ ಗುಡ್ಡೆಗೆ ಹಾಲುತುಪ್ಪ ಬಿಟ್ಟರೆ ಮನೆಗೆ ಆಗಿಬರುವುದಿಲ್ಲ ಎಂಬ ಹೆದರಿಕೆ.

"ಲೇ ಸಂಕರ," ಎಂದು ಮಗನನ್ನು ಪಕ್ಕಕ್ಕೆ ಎಳೆದಳು. "ಬರೀ ಮಣ್ಗೆ ಹಾಲುತುಪ್ಪ ಬುಟ್ಟರಾ ಯಾರಾದ್ರೂವಿ? ನಿಮ್ಮಪ್ಪನಿಗೆ ಬುಟ್ಟಿದ್ದು ಇನ್ನೂ ಮರ್ತಿಲ್ಲ ನಾನು. ಅಪಸಕುನ ಕಲಾ."

"ಸುಮ್ಕಿರವ್ವ. ಮಕ್ಕಳಾಟ."

ಮಕ್ಕಳಾಟ ನಡೆಯಿತು. ಭವ್ಯ ಹಾಲು ಬಿಟ್ಟಳು, ತುಪ್ಪ ಬಿಟ್ಟಳು, ದಾಸವಾಳ ಇಟ್ಟಳು. ತಾತನಿಗೆ ಮಾಡಿದಂತೆಯೇ ನೆಲಕ್ಕೆ ಹಣೆ ಮುಟ್ಟಿಸಿ, ಮಣ್ಣಿಗೆ ಮಾತ್ರ ಕೇಳುವಂತೆ ಏನೋ ಹೇಳಿದಳು. ಎದ್ದಾಗ ಕೈ ಮತ್ತೆ ಬಾಯಿಯ ಮೇಲಿತ್ತು.

ಮೂರನೆಯ ಪುಸ್ತಕ ಕನ್ನಡದ್ದು. ಬೆಂಗಳೂರಿನ ಯಾವುದೋ ಟ್ರಸ್ಟು ಅಚ್ಚು ಹಾಕಿಸಿದ್ದು, ಶಾಲೆಯ ಲೈಬ್ರರಿಗೆ ಬಂದ ಕಟ್ಟಿನಲ್ಲಿತ್ತು. ನೀಲಾವತಿ ಅದನ್ನು ಸ್ಟಾಫ್ ರೂಮಿನಲ್ಲಿ ಕೂತು ಮೊದಲು ತಾನೊಬ್ಬಳೇ ಓದಿದಳು. ಹಾಗೆ ಓದಬೇಕೆಂದು ಹಿಂದಿನ ಪುಟದಲ್ಲಿ ದೊಡ್ಡವರಿಗಾಗಿ ಬರೆದ ಸಣ್ಣಕ್ಷರದ ಟಿಪ್ಪಣಿಯಲ್ಲೇ ಇತ್ತು.

ಇದರಲ್ಲಿ ಒಂದು ಕಂದು ನಾಯಿ, ಒಬ್ಬಳು ಹುಡುಗಿ, ಹೆಂಚಿನ ಮನೆ. ಚಿತ್ರಗಳಲ್ಲಿ ಬಣ್ಣವೇ ಕಡಿಮೆ. ಎರಡನೆಯ ಪುಟದಲ್ಲೇ, ಯಾವ ಪೀಠಿಕೆಯೂ ಇಲ್ಲದೆ, "ಇವತ್ತು ನಮ್ಮ ನಾಯಿ ಸತ್ತುಹೋಯಿತು" ಎಂದು ಬರೆದಿತ್ತು. ಮುಂದಿನ ಪುಟದಲ್ಲಿ, "ಅದು ಉಸಿರಾಡುವುದಿಲ್ಲ. ಅದಕ್ಕೆ ಹಸಿವಾಗುವುದಿಲ್ಲ. ಚಳಿಯಾಗುವುದಿಲ್ಲ. ನೋವಾಗುವುದಿಲ್ಲ. ಅದು ನಿದ್ದೆ ಮಾಡುತ್ತಿಲ್ಲ. ಮತ್ತೆ ಏಳುವುದಿಲ್ಲ." ಆಮೇಲೆ ಎರಡು ಪುಟದ ಅಗಲಕ್ಕೂ ಒಂದೇ ಚಿತ್ರ, ಬಾಗಿಲ ಬಳಿ ಮಗುಚಿಟ್ಟ ನಾಯಿಯ ತಟ್ಟೆ. ಅಲ್ಲಿ ಮಾತೇ ಇಲ್ಲ. ಅಲ್ಲಿ ಅವಸರ ಮಾಡಬೇಡಿ, ಮಗು ನೋಡುವಷ್ಟು ಹೊತ್ತು ನೋಡಲಿ, ಪುಟವನ್ನು ಮಗುವೇ ತಿರುಗಿಸಲಿ ಎಂದು ಟಿಪ್ಪಣಿಯಲ್ಲಿತ್ತು. ಆಮೇಲಿನ ಪುಟದಲ್ಲಿ ಹುಡುಗಿ ಅಳುತ್ತಾಳೆ, ಇನ್ನೊಂದರಲ್ಲಿ ಆಡುತ್ತಾಳೆ, ಎರಡೂ ಸರಿಯೇ. ಅದರ ಮುಂದಿನ ಜೋಡಿ ಪುಟದ ಎಡಗಡೆ, "ನಾನು ಬೈದಿದ್ದಕ್ಕೆ ಸತ್ತಿತೇ? ಇಲ್ಲ. ಬೈದರೆ ಯಾರೂ ಸಾಯುವುದಿಲ್ಲ. ಮನಸ್ಸಿನಲ್ಲಿ ಅಂದುಕೊಂಡರೂ ಸಾಯುವುದಿಲ್ಲ." ಬಲಗಡೆ, "ಹಾಗಾದರೆ ಏಕೆ ಸತ್ತಿತು? ದೊಡ್ಡವರನ್ನು ಕೇಳು. ಅವರಿಗೆ ಗೊತ್ತಿದ್ದರೆ ನಿಜ ಹೇಳುತ್ತಾರೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುತ್ತಾರೆ."

ಟಿಪ್ಪಣಿ ಇನ್ನೂ ಇತ್ತು. 'ಮಲಗಿತು', 'ಹೋಯಿತು', 'ದೇವರು ಕರೆದುಕೊಂಡ' ಎನ್ನಬೇಡಿ. ಮಗು ಮಲಗಲು, ಹೊರಗೆ ಹೋಗಲು, ದೇವರಿಗೆ ಹೆದರುತ್ತದೆ. ಈ ವಯಸ್ಸಿನ ಮಕ್ಕಳು ತಮ್ಮ ಮಾತಿನಿಂದಲೋ ಸಿಟ್ಟಿನಿಂದಲೋ ಸಾವು ಬಂತು ಎಂದುಕೊಳ್ಳುವುದುಂಟು. ಅವರು ಹೇಳದಿದ್ದರೂ ನೀವಾಗಿ ಆ ಮಾತು ತೆಗೆಯಿರಿ. ಕೇಳಿದಷ್ಟಕ್ಕೆ ಉತ್ತರ ಕೊಡಿ, ಚಿಕ್ಕದಾಗಿ, ನಿಜವಾಗಿ. ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದರೆ ಅದೇ ಉತ್ತರ ಕೊಡಿ. ಕೂಡಲೇ ಇನ್ನೊಂದು ಪ್ರಾಣಿ ತಂದು ಕೊಡಬೇಡಿ.

ಮೂರನೆಯ ಸಾಲಿನ ಹೊತ್ತಿಗೆ ನೀಲಾವತಿಗೆ, ಬಾಯಿ ಮುಚ್ಚಿಕೊಳ್ಳುವ ಮಗಳ ದವಡೆಗೆ ತಾನಿಟ್ಟ ಲವಂಗ ನೆನಪಾಯಿತು. ಸ್ಟಾಫ್ ರೂಮಿನಲ್ಲಿ ಯಾರಾದರೂ ತನ್ನನ್ನು ನೋಡುತ್ತಿದ್ದಾರೆಯೇ ಎಂದು ಸುತ್ತ ಕಣ್ಣಾಡಿಸಿದಳು. ಆ ಹೊತ್ತಿನಲ್ಲೂ ಅವಳ ಮೊದಲ ಚಿಂತೆ ಅದೇ. ನಾಚಿಕೆ ಆಮೇಲೆ ಬಂತು. ಬಂದದ್ದು ಮಾತ್ರ ಹೋಗಲಿಲ್ಲ.

ಸಂಜೆ ಪುಸ್ತಕವನ್ನು ಗಂಡನ ಮುಂದಿಟ್ಟಳು. ಶಂಕರ್ ಕಡತ ನೋಡುವ ಹಾಗೆ ಹಿಂದಿನಿಂದ ಮುಂದಕ್ಕೆ ತಿರುವಿದ.

"ಇದ್ಯಾವ ಪುಸ್ತಕ ತಂದೆ ಮಾರಾಯ್ತಿ? ಮೊದ್ಲು ತಂದಿದ್ದೇ ಚೆನ್ನಾಗಿತ್ತು. ಇದು ನೋಡು, ದೊಡ್ಡವರನ್ನ ಕೇಳು ಅಂತದ. ಕೇಳಿದ್ರೆ ಏನ್ ಹೇಳೀಯೆ?"

"ನಿಜ ಹೇಳೋದು, ರೀ."

"ಏನಂತ? ನಿಮ್ಮಪ್ಪ ಕುಯ್ಸಿ ಬೀಗರಿಗೆ ಹಾಕ್ದ, ನಿನಗೂ ಹಾಕ್ದ ಅಂತ್ಲಾ?"

"ಅವಳಿಗೆ ನೀವು ಹಾಕಿದ್ದಲ್ಲ. ನಾನು ಹಾಕಿದ್ದು."

ಶಂಕರ್ ಪುಸ್ತಕ ಮುಚ್ಚಿದ. "ಸಮಾಧಾನ ಮಾಡ್ಲಿ ಅಂತ ಪುಸ್ತಕ ತರಿಸಿದ್ದು ಕನೆ," ಎಂದ, "ನಮ್ಮನ್ನ ಕಟಕಟೆಗೆ ನಿಲ್ಲಿಸ್ಲಿ ಅಂತಲ್ಲ." ಎದ್ದು ಆಫೀಸ್ ಬ್ಯಾಗಿನಿಂದ ಸ್ಟೇಪ್ಲರ್ ತೆಗೆದ. ಆ ಜೋಡಿ ಪುಟಗಳನ್ನು ಒಂದರ ಮೇಲೊಂದು ಮಡಚಿ ಅಂಚಿಗೆ ಸಾಲಾಗಿ ಪಿನ್ನು ಹೊಡೆದ. ಹುಡುಗಿ ಅಳುವುದು, ಆಡುವುದು, ಅಲ್ಲಿಂದ ನೇರ ಸಮಾಧಿಗೆ ಹೂವು. ಕಥೆ ಎಲ್ಲೂ ತುಂಡಾಗಿರಲಿಲ್ಲ. ಶಂಕರನ ಕೈಯಿಂದ ಅಷ್ಟು ಅಚ್ಚುಕಟ್ಟಾದ ಕೆಲಸ ಕಚೇರಿಯಲ್ಲಿ ಯಾರೂ ಕಂಡಿರಲಿಲ್ಲ. "ಈಗ ಓದು" ಎಂದು ಕೊಟ್ಟ.

ಯಾವ ಪುಟವೊಂದಿದ್ದರೆ ಸಾಕಿತ್ತೋ ಅದನ್ನೇ ಹುಡುಕಿ ಮುಚ್ಚಿದ್ದ. ನೀಲಾವತಿಗೆ ಅದು ಗೊತ್ತಿತ್ತು, ಆದರೂ ಪುಸ್ತಕವನ್ನು ತೆಗೆದುಕೊಂಡಳು. ಬೇಡ ಎನ್ನಲಿಲ್ಲ. ಪಿನ್ನು ಕೀಳಲೂ ಇಲ್ಲ. ಆಮೇಲೆ ನೋಡೋಣ ಎಂದು ಬೀರುವಿನ ಮೇಲೆ ಇಟ್ಟಳು. ನೋಡುವ ಆ 'ಆಮೇಲೆ' ಶನಿವಾರ ಶಾಲೆ ಬಿಟ್ಟು ಬಂದ ಮೇಲೂ ಬಂದಿರಲಿಲ್ಲ.

ಭಾನುವಾರ ಶಂಕರ್ ತಂಗಿಯನ್ನು ನೋಡಿಬರಲು ಗುಂಡ್ಲುಪೇಟೆಗೆ ಹೋದ. ಮಲ್ಲಿಗಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಭವ್ಯ ಕುರ್ಚಿ ಹತ್ತಿ ಬೀರುವಿನ ಮೇಲಿನ ಪುಸ್ತಕವನ್ನು ತಾನೇ ತೆಗೆದುಕೊಂಡು ಬಂದು ಅಮ್ಮನ ಪಕ್ಕದಲ್ಲಿ ಕೂತಳು.

"ಇದ ಓದನ."

ಓದಿದರು. ಕನ್ನಡದ್ದಾದ್ದರಿಂದ ಭವ್ಯಳೇ ಅಕ್ಷರ ಕೂಡಿಸಿ ಓದಿದಳು. "ಸ-ತ್ತು-ಹೋ-ಯಿ-ತು" ಎಂದು ಓದಿ ಅಮ್ಮನ ಮುಖ ನೋಡಿದಳು. ಹಸಿವಾಗುವುದಿಲ್ಲ, ಚಳಿಯಾಗುವುದಿಲ್ಲ ಎಂಬಲ್ಲಿ ನಿಂತು, "ತಾತನ ಥರ" ಎಂದಳು. "ಹೌದು, ತಾತನ ಥರ" ಎಂದಳು ನೀಲಾವತಿ. ಆ ಮನೆಯಲ್ಲಿ ಕುಳ್ಳಪ್ಪನ ಬಗ್ಗೆ ಯಾರಾದರೂ ಆಡಿದ ಮೊದಲ ನಿಜ ಅದು. ಮಗುಚಿದ ತಟ್ಟೆಯ ಮುಂದೆ ಭವ್ಯ ಬಹಳ ಹೊತ್ತು ಕೂತಳು. ತಟ್ಟೆಯ ಅಂಚನ್ನು ಬೆರಳಿನಿಂದ ಸುತ್ತಿದಳು. ಆಮೇಲೆ ತಾನೇ ಪುಟ ತಿರುಗಿಸಿದಳು.

ಹುಡುಗಿ ಅಳುವುದು, ಆಡುವುದು ಮುಗಿದ ಮೇಲೆ ದಪ್ಪನೆಯ ಪುಟ ಸಿಕ್ಕಿತು. ಅಂಚಿನಲ್ಲಿ ಪಿನ್ನುಗಳ ಸಾಲು.

"ಇದ್ಯಾಕಮ್ಮ ಹೊಲ್ದವ್ರೆ?"

"ಅದು... ಅಂಗೇ ಬಂದದೆ."

"ಇಲ್ಲ. ಇದು ಅಪ್ಪನ ಪಿನ್ನು."

ಭವ್ಯ ಉಗುರು ಸಿಕ್ಕಿಸಿ ಒಂದನ್ನು ಎಬ್ಬಿಸಿದಳು. ಎರಡನೆಯದಕ್ಕೆ ಬೆರಳಿನ ತುದಿಯಲ್ಲಿ ರಕ್ತ ಬಂತು. ಅದನ್ನು ಚೀಪಿಕೊಂಡು ಮೂರನೆಯದಕ್ಕೆ ಕೈ ಹಾಕಿದಳು. ನೀಲಾವತಿ ಪುಸ್ತಕವನ್ನು ಕಿತ್ತುಕೊಳ್ಳಬಹುದಿತ್ತು. ಸಾರು ಉಕ್ಕುತ್ತಿದೆ ಎಂದು ಎದ್ದುಹೋಗಬಹುದಿತ್ತು. ಇಷ್ಟು ದಿನ ಅವಳು ಮಾಡಿದ್ದು ಅದನ್ನೇ. ಆದರೆ ಮಗಳ ಬೆರಳಿನ ರಕ್ತ ಪುಟದ ಅಂಚಿಗೆ ಮೆತ್ತಿಕೊಂಡದ್ದನ್ನು ನೋಡಿ ಅವಳಿಗೆ ಏಳಲಾಗಲಿಲ್ಲ. ತಲೆಗೂದಲಿನ ಪಿನ್ನು ತೆಗೆದು ಉಳಿದವನ್ನು ತಾನೇ ಎಬ್ಬಿಸಿಕೊಟ್ಟಳು.

"ನಾನು... ಬೈದಿದ್ದಕ್ಕೆ... ಸತ್ತಿತೇ," ಎಂದು ಓದಿದ ಭವ್ಯ ಮುಂದೆ ಓದಲಿಲ್ಲ. ಆ ಸಾಲನ್ನೇ ನೋಡಿದಳು. ಯಾರಿಗೂ ಹೇಳದ ತನ್ನ ಗುಟ್ಟು ಪುಸ್ತಕದಲ್ಲಿ ಹೇಗೆ ಬಂತು?

"ಮುಂದೆ ಓದು ಪುಟ್ಟಿ. ಇಲ್ಲ ಅಂತದೆ. ಬೈದ್ರೆ ಯಾರೂ ಸಾಯಲ್ಲ."

"ನಾನು ಸತ್ತೋಗು ಅಂದಿದ್ದೆ." ಕೈ ಬಾಯಿಗೆ ಹೋಗಿತ್ತು. "ಡ್ರಾಯಿಂಗ್ ಬುಕ್ ತಿಂದಿದ್ಕೆ. ಎರಡು ಸಲ ಅಂದೆ. ಆಮೇಲೆ ಸಾರಿ ಕೇಳ್ದೆ, ಹಾಲುತುಪ್ಪ ಬುಡೋವಾಗ. ಅದಕ್ಕೆ ಕೇಳಿಸ್ತಾ ಗೊತ್ತಿಲ್ಲ."

"ನಿನ್ನ ಮಾತಿಂದ ಅಲ್ಲ ಕಣಮ್ಮಿ. ಖಂಡಿತ ಅಲ್ಲ."

"ಮತ್ತೆ ಯಾಕೆ ಸತ್ತೋಯ್ತು? ಜ್ವರ ಇರ್ಲಿಲ್ಲ ಅಮ್ಮ. ನಾನು ಚಿಕ್ಕಮ್ಮನ ಮನೆಗೆ ಹೋಗೋವಾಗ ಮೈ ಮುಟ್ಟಿ ನೋಡಿದ್ದೆ. ಜ್ವರ ಇಲ್ದೆ ಇದ್ರೆ ನಾನೇ ಅಲ್ವಾ?"

ಬಲಗಡೆಯ ಪುಟದಲ್ಲಿ ಕಂದು ನಾಯಿಯ ಹುಡುಗಿ ತಲೆಯೆತ್ತಿ ಯಾರನ್ನೋ ನೋಡುತ್ತಿದ್ದಳು. ಆ ಯಾರೋ ಚಿತ್ರದಲ್ಲಿರಲಿಲ್ಲ. ಪುಸ್ತಕ ಹಿಡಿದುಕೊಂಡವರೇ ಅವರು ಎಂದು ಬರೆದವರ ಲೆಕ್ಕ.

"ನಾವು ಕುಯ್ಸಿದ್ವಿ," ಎಂದಳು ನೀಲಾವತಿ. "ಬೀಗರೂಟಕ್ಕೆ. ಅಪ್ಪ ಹೇಳಿದ್ರು, ನಾನು ಹೂಂ ಅಂದೆ. ಚಿಕ್ಕಮಾದು ಬಂದು ಕುಯ್ದ. ಅದಕ್ಕೇ ಸತ್ತಿದ್ದು. ನೀನು ಬೈದೆ ಅಂತ ಅಲ್ಲ. ಜ್ವರ ಸುಳ್ಳು. ಮಲಗ್ತು ಅಂದಿದ್ದೂ ಸುಳ್ಳು. ನುಗ್ಗೆ ಮರದ ಕೆಳಗೆ ಏನೂ ಇಲ್ಲ."

ಜಗಲಿಯಲ್ಲಿ ಅವರೆಕಾಯಿ ಸುಲಿಯುವ ಸದ್ದು ನಿಂತಿತು. "ಅಯ್ಯೋ ನಿನ್ನ ಬಾಯ್ಗೆ! ಮೊಗೀಗೆ ಹೇಳೋ ಮಾತಾ ಇದು?" ಎಂದಳು ಮಲ್ಲಿಗಮ್ಮ. ಯಾರೂ ಅತ್ತ ತಿರುಗಲಿಲ್ಲ.

ಭವ್ಯ ಕೈಯನ್ನು ಬಾಯಿಯಿಂದ ತೆಗೆದಳು. ಅಷ್ಟು ದಿನವಾದ ಮೇಲೆ ಅದು ಮಡಿಲಿಗೆ ಇಳಿಯಿತು.

"ಅಂಗಾದ್ರೆ ನಾನಲ್ಲ," ಎಂದಳು.

"ನೀನಲ್ಲ."

"ನೀವು."

"ಹೂಂ. ನಾವು."

ಮಗುವಿನ ಮುಖದಲ್ಲಿ ಹಗುರಾದದ್ದು ಕಂಡಿತು. ಅದನ್ನು ನೋಡಿದ ನೀಲಾವತಿಗೆ, ಇದಕ್ಕಿಂತ ಅದು ಅತ್ತು ತನ್ನನ್ನು ಹೊಡೆದಿದ್ದರೆ ಚೆನ್ನಾಗಿತ್ತು ಎನ್ನಿಸಿತು. ಒಂದು ಮಾತಿನಿಂದ ಇಳಿಸಬಹುದಾಗಿದ್ದ ಹೊರೆಯನ್ನು ಮೂರು ಪುಸ್ತಕ ತರಿಸಿ ಇಷ್ಟು ದಿನ ಮಗುವಿನ ತಲೆಯ ಮೇಲೇ ಇಟ್ಟಿದ್ದರು.

ಭವ್ಯ ಪುಟವನ್ನು ನೋಡುತ್ತಲೇ ಕೇಳಿದಳು. "ಆವತ್ತು ನಂಗೆ ಹಾಕಿದ್ಯಲ್ಲ, ಉಂಡೆ?"

ನೀಲಾವತಿ ಬಾಯಿ ತೆರೆದಳು. ಸಂತೆಯಿಂದ ತಂದ ಮೂರು ಟಗರುಗಳೂ ಇದ್ದವು, ಕೈಮ ಯಾವುದರದ್ದೋ ಗೊತ್ತಿಲ್ಲ ಎನ್ನಬಹುದಿತ್ತು. ಗೊತ್ತಿತ್ತು. ಮನೆಯವರಿಗೆಂದು ಕುಳ್ಳಪ್ಪನದ್ದನ್ನೇ ಬೇರೆ ಪಾತ್ರೆಯಲ್ಲಿ ತೆಗೆದಿಟ್ಟಿದ್ದರು, ರುಚಿ ಜಾಸ್ತಿ ಎಂದು.

"ಹೂಂ," ಎಂದಳು.

ಆಗ ಹೊರಗೆ ಗಂಟೆ ಅಲ್ಲಾಡಿತು.

ಕುಳ್ಳಪ್ಪನ ಗಂಟೆ. ಅದರ ಒಡಕು ದನಿ ಭವ್ಯಳಿಗೆ ಎಲ್ಲಿದ್ದರೂ ಗೊತ್ತಾಗುತ್ತಿತ್ತು. ಅವಳು ಬೆಚ್ಚಿ ಅಮ್ಮನ ಮುಖ ನೋಡಿದಳು. ಮತ್ತೆ ಏಳುವುದಿಲ್ಲ ಎಂದು ಓದಿದ ಪುಸ್ತಕ ಇನ್ನೂ ಅವಳ ಕೈಯಲ್ಲಿತ್ತು. ಇದೂ ಸುಳ್ಳೇ ಎಂದು ಆ ಕಣ್ಣು ಕೇಳುತ್ತಿತ್ತು. ಪುಸ್ತಕವನ್ನು ಎದೆಗೆ ಅವುಚಿಕೊಂಡು ಅಂಗಳಕ್ಕೆ ಓಡಿದಳು.

ಶಂಕರ್ ಬೈಕಿನ ಪಕ್ಕ ನಿಂತಿದ್ದ. ಹೆಲ್ಮೆಟ್ಟನ್ನೂ ತೆಗೆದಿರಲಿಲ್ಲ. ತೋಳಿನಲ್ಲಿ ಗಿಡ್ಡ ಕಾಲಿನ, ಬಿಳಿ ಮೂತಿಯ ಮರಿಯೊಂದು ಕಾಲು ಝಾಡಿಸುತ್ತಿತ್ತು. ಬರುತ್ತಾ ತೆರಕಣಾಂಬಿಯಲ್ಲಿ ಕೊಂಡು ತಂದದ್ದು. ಹಿತ್ತಲಿಗೆ ಹೋಗಿ ಗುಡ್ಡೆಯ ಕೋಲಿನಿಂದ ಗಂಟೆ ಬಿಚ್ಚಿ ಅದರ ಕೊರಳಿಗೆ ಕಟ್ಟಿಕೊಂಡೇ ಮುಂಬಾಗಿಲಿಗೆ ಬಂದಿದ್ದ. ಮುಖದ ತುಂಬ ನಗು. ಎಲ್ಲ ಸರಿ ಮಾಡಿಬಿಟ್ಟೆ ಎಂಬ ನಗು.

"ನೋಡವ್ವ ಯಾರು ಬಂದವ್ರೆ ಅಂತ! ಕುಳ್ಳಪ್ಪನ ತಮ್ಮ! ಬಾ, ಎತ್ಗೊ!"

ಅವನು ಮರಿಯನ್ನು ಕೆಳಗೆ ಬಿಟ್ಟ. ಮರಿ ಗಂಟೆಯ ಭಾರಕ್ಕೆ ತಲೆ ಬಗ್ಗಿಸಿಕೊಂಡು ಎರಡು ಹೆಜ್ಜೆ ಇಟ್ಟು, ಭವ್ಯಳ ಕಾಲ ಬಳಿ ನಿಂತು ಮೂಸಿತು. ಹೊಸಿಲಲ್ಲಿ ನೀಲಾವತಿ ಬಂದು ನಿಂತಳು. ಅವಳನ್ನು ನೋಡಿ ಶಂಕರನ ನಗು ಅರ್ಧಕ್ಕೆ ನಿಂತಿತು. "ಹೇಳ್ಬುಟ್ಯಾ?" ಎಂದ.

ಭವ್ಯ ಬಗ್ಗಿ ಮರಿಯನ್ನು ಚೆನ್ನಾಗಿ ನೋಡಿದಳು. ಕಿವಿ ನೋಡಿದಳು, ಬೆನ್ನು ನೋಡಿದಳು. ಆಮೇಲೆ ತಲೆಯೆತ್ತಿ, ಸಿಟ್ಟಿಲ್ಲದೆ, ತಿಳಿದುಕೊಳ್ಳಬೇಕಾದದ್ದನ್ನು ಕೇಳುವವಳಂತೆ ಅಪ್ಪನನ್ನು ಕೇಳಿದಳು.

"ಇದು ಯಾರ ಬೀಗರೂಟಕ್ಕೆ ಅಪ್ಪ?"

ಶಂಕರ್ ಹೆಂಡತಿಯ ಕಡೆ ನೋಡಿದ, ತಾಯಿಯ ಕಡೆ ನೋಡಿದ. ಮಲ್ಲಿಗಮ್ಮ ಅವರೆಕಾಯಿಯ ಸಿಪ್ಪೆಯನ್ನು ಮೊರದ ಒಂದು ಬದಿಗೆ ತಳ್ಳುತ್ತಿದ್ದಳು. ಮರಿ ಭವ್ಯಳ ಲಂಗದ ಅಂಚನ್ನು ಬಾಯಿಗೆ ಹಾಕಿಕೊಂಡು ಜಗ್ಗಿತು, ಗಂಟೆ ಅಲ್ಲಾಡಿತು. ಭವ್ಯ ಬೈಯಲೂ ಇಲ್ಲ, ಬಿಡಿಸಿಕೊಳ್ಳಲೂ ಇಲ್ಲ. ಪುಸ್ತಕ ಹಿಡಿದ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಉತ್ತರ ಬರುವವರೆಗೆ ಅದನ್ನು ಮುಟ್ಟದೆ ನಿಂತಳು.